ಪತ್ತನಾಜೆಯೊಳಗೆ ಬಾತ್‌ರೂಮ್ ಒಮ್ಮೆ ನೋಡಿಕೊಳ್ಳಿ

(ಮಂಗಳೂರಿನ ಫ್ಲ್ಯಾಟ್ ನಿವಾಸಿಗಳಿಗಾಗಿ ಆಡಿದ ಮಾತುಗಳ ಬರಹರೂಪ)

ನಲ್ಲಿ ತೊಟ್ಟಿಕ್ಕಿದರೆ ವಾಷರ್ ಬದಲಿಸಬೇಕು ಎನ್ನುವುದು ನಿಮಗೆಲ್ಲ ಗೊತ್ತು. ಅದು ಕಣ್ಣಿಗೆ ಕಾಣುವ ಸೋರಿಕೆ, ಯಾರಾದರೂ ಬಂದು ಅರ್ಧ ಗಂಟೆಯಲ್ಲಿ ಸರಿಮಾಡಿ ಹೋಗುತ್ತಾರೆ. ನಾನು ಹೆಚ್ಚು ಹೊತ್ತು ಮಾತಾಡಬೇಕೆಂದಿರುವುದು ಕಣ್ಣಿಗೆ ಕಾಣದ ಸೋರಿಕೆಯ ಬಗ್ಗೆ. ಮೇಲಿನ ಮನೆಯ ಬಾತ್‌ರೂಮಿನಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ, ಕೆಳಗಿನ ಮನೆಯ ಸೀಲಿಂಗಿನಲ್ಲಿ ಮಾತ್ರ ಕಂದು ಅಂಚಿನ ಒದ್ದೆ ಕಲೆ ಮೂಡಿರುತ್ತದೆ. ಕೆಳಗಿನವರು ಮೇಲೆ ಹೋಗಿ ಹೇಳುತ್ತಾರೆ, ಮೇಲಿನವರು "ನಮ್ಮಲ್ಲಿ ಎಲ್ಲೂ ಲೀಕ್ ಇಲ್ಲ, ಬೇಕಾದರೆ ಬಂದು ನೋಡಿ" ಎನ್ನುತ್ತಾರೆ. ಇಬ್ಬರೂ ಹೇಳುವುದು ನಿಜವೇ. ಆದರೂ ಮಾತು ಬೆಳೆದು, ಲಿಫ್ಟಿನಲ್ಲಿ ಎದುರಾದರೂ ಮುಖ ತಿರುಗಿಸುವಲ್ಲಿಗೆ ಮುಟ್ಟಿದ ಮನೆಗಳನ್ನು ನೋಡಿದ್ದೇನೆ. ನೀರು ಎಲ್ಲಿಂದ ಬರುತ್ತಿದೆ ಎನ್ನುವುದನ್ನು ಸಾವಕಾಶವಾಗಿ ಪತ್ತೆ ಹಚ್ಚಿದರೆ ಅಷ್ಟು ದೂರ ಹೋಗಬೇಕಾಗಿಲ್ಲ.

ಈ ಕೆಲಸಕ್ಕೆ ಮೇ ತಿಂಗಳೇ ಸರಿಯಾದ ಕಾಲ. ಜೂನ್ ಮೊದಲ ವಾರದ ಹೊತ್ತಿಗೆ ನಮ್ಮ ಕರಾವಳಿಗೆ ಮುಂಗಾರು ಬಂದುಬಿಡುತ್ತದೆ. ಆಮೇಲೆ ಹೊರಗಿನ ಗೋಡೆಯೂ ಒದ್ದೆ, ಡಕ್ಟೂ ಒದ್ದೆ. ಸೀಲಿಂಗಿನ ಕಲೆಗೆ ಕಾರಣ ಬಾತ್‌ರೂಮಿನ ನೀರೋ ಮಳೆಯ ನೀರೋ ಎಂದು ಹೇಳಲು ಯಾರಿಗೂ ಆಗುವುದಿಲ್ಲ. ಈಗ, ಮಳೆ ಇಲ್ಲದ ದಿನಗಳಲ್ಲಿ ಕಲೆ ಉಂಟು ಎಂದಾದರೆ ಅದು ಮನೆಯೊಳಗಿನ ನೀರೇ. ಇನ್ನೊಂದು ಕಾರಣವೂ ಇದೆ. ಟೈಲ್ಸ್ ಸಂದಿಗೆ ಗ್ರೌಟ್ ಹಾಕುವುದಿರಲಿ, ಬಿರುಕಿಗೆ ಸೀಲಂಟ್ ತುಂಬುವುದಿರಲಿ, ತಳ ಪೂರ್ತಿ ಒಣಗಿರಬೇಕು. ಜುಲೈಯಲ್ಲಿ ನಮ್ಮ ಊರಿನಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಸಿಮೆಂಟ್ ಎಲ್ಲಿಂದ ಒಣಗಬೇಕು? ಹಾಗಾಗಿ ಮೇ 24-25ರ ಸುಮಾರಿಗೆ ಬರುವ ಪತ್ತನಾಜೆಯನ್ನೇ ಗಡುವು ಮಾಡಿಕೊಳ್ಳಿ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ನಿಮ್ಮ ರಿಪೇರಿ ಮುಗಿದು, ಹಾಕಿದ್ದು ಒಣಗಿಯೂ ಇರಬೇಕು.

ಬಾತ್‌ರೂಮಿನಿಂದ ಕೆಳಗೆ ಇಳಿಯುವ ನೀರಿಗೆ ಇರುವ ದಾರಿ ಮೂರು. ಮೊದಲನೆಯದು ಗೋಡೆಯೊಳಗೆ ಹೋಗುವ ಸಪ್ಲೈ ಪೈಪು. ಇದರಲ್ಲಿ ಹಗಲು ರಾತ್ರಿ ಒತ್ತಡ ಇರುತ್ತದೆ, ಆದ್ದರಿಂದ ಇದು ಸೋರಿದರೆ ನೀವು ಸ್ನಾನ ಮಾಡಿದರೂ ಮಾಡದಿದ್ದರೂ ಸೋರುತ್ತಲೇ ಇರುತ್ತದೆ. ಎರಡನೆಯದು ಹೊರಹೋಗುವ ನೀರಿನ ಪೈಪು, ಅಂದರೆ ನಾಹಣಿ ಟ್ರ್ಯಾಪಿನಿಂದ ಮತ್ತು ಕಮೋಡಿನಿಂದ ಡಕ್ಟಿಗೆ ಹೋಗುವ ಲೈನು. ಇದು ಸೋರುವುದು ಬಳಸಿದಾಗ ಮಾತ್ರ. ಮೂರನೆಯದು ನೆಲ. ಟೈಲ್ಸಿನ ಸಂದಿಯಿಂದ, ಗೋಡೆ ಮತ್ತು ನೆಲ ಸೇರುವ ಮೂಲೆಯಿಂದ, ಟ್ರ್ಯಾಪಿನ ಸುತ್ತಲಿನ ಬಿರುಕಿನಿಂದ ನೀರು ಕೆಳಗೆ ಇಳಿಯುತ್ತದೆ. ಇದು ಕೂಡ ನೆಲದ ಮೇಲೆ ನೀರು ಬಿದ್ದಾಗ ಮಾತ್ರ.

ಹಳೆಯ ಕಟ್ಟಡಗಳಲ್ಲಿ ಒಂದು ತೊಡಕು ಉಂಟು. ಅಲ್ಲಿ ಬಾತ್‌ರೂಮಿನ ಸ್ಲ್ಯಾಬನ್ನು ಸುಮಾರು ಒಂದು ಅಡಿ ತಗ್ಗಿಸಿ, ಪೈಪು ಇಟ್ಟು, ಮೇಲೆ ಇಟ್ಟಿಗೆ ಚೂರು ಮತ್ತು ಗಾರೆ ತುಂಬಿ ಟೈಲ್ಸ್ ಹಾಕಿರುತ್ತಾರೆ. ಇದಕ್ಕೆ ಸಂಕನ್ ಸ್ಲ್ಯಾಬ್ ಎನ್ನುತ್ತಾರೆ. ಒಳಗೆ ಇಳಿದ ನೀರು ನೇರವಾಗಿ ಕೆಳಗೆ ಬರದೆ ಈ ತುಂಬಣದಲ್ಲಿ ನಿಲ್ಲುತ್ತದೆ. ಸೋರಿಕೆ ಶುರುವಾಗಿ ಎಷ್ಟೋ ದಿನಗಳ ಮೇಲೆ ಕಲೆ ಕಾಣಿಸುತ್ತದೆ, ರಿಪೇರಿ ಆದ ಮೇಲೂ ವಾರಗಟ್ಟಲೆ ಜಿನುಗುತ್ತದೆ. ಕಲೆ ಇರುವ ಜಾಗದ ನೇರ ಮೇಲೆಯೇ ತೂತು ಇರಬೇಕೆಂದೂ ಇಲ್ಲ, ನೀರು ಸ್ಲ್ಯಾಬಿನ ತಗ್ಗು ಹುಡುಕಿಕೊಂಡು ಹೋಗಿ ಎಲ್ಲೋ ಇಳಿಯುತ್ತದೆ. ಹೊಸ ಕಟ್ಟಡಗಳಲ್ಲಿ ಪೈಪುಗಳನ್ನು ಸ್ಲ್ಯಾಬಿನ ಕೆಳಗೇ ತೂಗುಹಾಕಿ ಫಾಲ್ಸ್ ಸೀಲಿಂಗ್ ಮುಚ್ಚಿರುತ್ತಾರೆ. ಅಲ್ಲಿ ಫಾಲ್ಸ್ ಸೀಲಿಂಗಿನ ಒಂದು ಹಲಗೆ ಸರಿಸಿ ಟಾರ್ಚ್ ಬಿಟ್ಟರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಕಲೆ ಕಂಡ ಕೂಡಲೇ ಮಾಡಬೇಕಾದ ಮೊದಲ ಕೆಲಸಕ್ಕೆ ಒಂದು ಪೆನ್ಸಿಲ್ ಸಾಕು. ಒದ್ದೆಯ ಅಂಚಿನ ಗುಂಟ ತೆಳುವಾಗಿ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ನಾಲ್ಕೈದು ದಿನ ಬಿಟ್ಟು ಇನ್ನೊಂದು ಗೆರೆ. ಕಲೆ ಬೆಳೆಯುತ್ತಿದೆಯೋ, ನಿಂತಿದೆಯೋ, ಕುಗ್ಗುತ್ತಿದೆಯೋ ಎಂದು ಆ ಗೆರೆಗಳೇ ಹೇಳುತ್ತವೆ. ಕಲೆಯ ಹತ್ತಿರ ದೀಪದ ಪಾಯಿಂಟ್ ಇದ್ದರೆ ಆ ಲೈನಿನ ಎಂಸಿಬಿ ಇಳಿಸಿಬಿಡಿ, ಎಲೆಕ್ಟ್ರೀಷಿಯನ್ ನೋಡುವವರೆಗೆ ಏರಿಸಬೇಡಿ. ಮತ್ತು ದಯವಿಟ್ಟು ಕಲೆಯ ಮೇಲೆ ಪೇಂಟ್ ಹೊಡೆಯಬೇಡಿ. ಅದರಿಂದ ನೀರು ನಿಲ್ಲುವುದಿಲ್ಲ, ಗುರುತು ಮಾತ್ರ ಅಳಿಸಿಹೋಗುತ್ತದೆ.

ಇನ್ನು ಪತ್ತೆ ಹಚ್ಚುವ ಕ್ರಮ. ಒಂದು ಮನೆಯಲ್ಲಿ ಆದದ್ದನ್ನೇ ಹೇಳುತ್ತೇನೆ. ಎರಡನೇ ಮಹಡಿಯವರ ಬಾತ್‌ರೂಮ್ ಸೀಲಿಂಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನೋಡಲು ಬಂದವರೆಲ್ಲ ಮೂರನೇ ಮಹಡಿಯ ಬಾತ್‌ರೂಮಿನ ಟೈಲ್ಸ್ ಪೂರ್ತಿ ಒಡೆದು ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಬೇಕು ಎಂದಿದ್ದರು. ಮೂರನೇ ಮಹಡಿಯವರಿಗೆ ಅದು ದೊಡ್ಡ ಖರ್ಚು, ವಯಸ್ಸಾದ ಅತ್ತೆ ಇರುವ ಮನೆ ಬೇರೆ. ಒಡೆಯುವ ಮೊದಲು ಒಂದು ವಾರ ಕೊಡಿ, ಒಂದು ಸಲಕ್ಕೆ ಒಂದೇ ದಾರಿಯನ್ನು ಪರೀಕ್ಷಿಸೋಣ ಎಂದೆವು.

ಮೊದಲು ಸಪ್ಲೈ ಪೈಪು. ಮೂರನೇ ಮಹಡಿಯವರಿಗೆ ಎರಡು ಬಾತ್‌ರೂಮ್ ಇದ್ದವು. ಮೂರು ದಿನ ಈ ಬಾತ್‌ರೂಮಿಗೆ ಕಾಲಿಡಬೇಡಿ, ಆದರೆ ವಾಲ್ವ್ ಮಾತ್ರ ತೆರೆದೇ ಇರಲಿ ಎಂದು ಹೇಳಿದೆವು. ಪೈಪಿನಲ್ಲಿ ಒತ್ತಡ ಉಳಿಯಬೇಕು, ನೆಲಕ್ಕೆ ನೀರು ಬೀಳಬಾರದು, ಅಷ್ಟೇ. ಕೆಳಗಿನ ಮನೆಯಲ್ಲಿ ಹನಿಯ ಅಡಿಗೆ ಮಗ್ ಇಟ್ಟು, ದಿನಕ್ಕೆರಡು ಸಲ ಒಂದು ಗಂಟೆಯಲ್ಲಿ ಎಷ್ಟು ನೀರು ಬಿತ್ತು ಎಂದು ಅಳೆದು ಬರೆದಿಡಲು ಹೇಳಿದೆವು. ಮೊದಲ ದಿನ ಬೆಳಿಗ್ಗೆ ಗಂಟೆಗೆ ಅರ್ಧ ಮಗ್ ಬೀಳುತ್ತಿತ್ತು. ಮೂರನೇ ದಿನ ಸಂಜೆ ಮಗ್‌ನ ತಳ ಒದ್ದೆಯಾಗುವಷ್ಟು ಮಾತ್ರ. ಸಪ್ಲೈ ಪೈಪು ಸೋರುತ್ತಿದ್ದರೆ ಹೀಗೆ ಕಡಿಮೆ ಆಗುತ್ತಿರಲಿಲ್ಲ. ಆ ಅನುಮಾನ ಅಲ್ಲಿಗೆ ಮುಗಿಯಿತು. ಒಂದು ವೇಳೆ ಹನಿ ಹಾಗೆಯೇ ಮುಂದುವರಿದಿದ್ದರೆ ಪ್ಲಂಬರನ್ನು ಕರೆದು ಬಿಸಿನೀರಿನ ಲೈನು, ತಣ್ಣೀರಿನ ಲೈನು ಎರಡನ್ನೂ ಬೇರೆ ಬೇರೆಯಾಗಿ ಕೈಪಂಪಿನಿಂದ ಒತ್ತಡ ಕೊಟ್ಟು ಪರೀಕ್ಷೆ ಮಾಡಿಸಬೇಕಿತ್ತು. ಗೇಜಿನ ಮುಳ್ಳು ನಿಂತಲ್ಲೇ ನಿಂತರೆ ಆ ಲೈನು ಗಟ್ಟಿ, ಇಳಿಯುತ್ತಾ ಹೋದರೆ ಸೋರಿಕೆ ಅಲ್ಲೇ.

ಎರಡನೆಯದಾಗಿ ಹೊರಹೋಗುವ ಲೈನು. ನಾಹಣಿ ಟ್ರ್ಯಾಪಿನ ಜಾಲರಿ ತೆಗೆದು, ಒಂದು ಪೈಪಿನ ತುದಿಯನ್ನು ಟ್ರ್ಯಾಪಿನ ಗಂಟಲೊಳಗೇ ಇಳಿಸಿ, ನೆಲಕ್ಕೆ ಒಂದು ಹನಿಯೂ ತಾಗದ ಹಾಗೆ ಐದು ಬಕೆಟ್ ನೀರು ಬಿಟ್ಟೆವು. ಬಟ್ಟೆಗೆ ಹಾಕುವ ನೀಲಿಯನ್ನು ಆ ನೀರಿಗೆ ಬೆರೆಸಿದ್ದೆವು. ಕಮೋಡಿನ ಫ್ಲಶ್ಶನ್ನೂ ಹತ್ತು ಸಲ ಒತ್ತಿದೆವು. ಮರುದಿನದವರೆಗೆ ಕಾದರೂ ಕೆಳಗೆ ಏನೂ ಬರಲಿಲ್ಲ. ಅಂದರೆ ಪೈಪೂ ಸರಿ ಇದೆ.

ಉಳಿದದ್ದು ನೆಲ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು, ಏಕೆಂದರೆ ನೆಲ ಎಂದರೆ ಒಂದೇ ಜಾಗ ಅಲ್ಲವಲ್ಲ. ಮಕ್ಕಳು ಆಡುವ ಕ್ಲೇ ತಂದು ಟ್ರ್ಯಾಪಿನ ಸುತ್ತ, ಬಾಯಿಯಿಂದ ಒಂದು ಗೇಣು ದೂರದಲ್ಲಿ, ಬಳೆಯ ಆಕಾರದಲ್ಲಿ ಒಡ್ಡು ಕಟ್ಟಿದೆವು. ಆ ಒಡ್ಡಿನ ಹೊರಗೆ ಮಾತ್ರ ಒಂದು ಇಂಚು ನೀರು ನಿಲ್ಲಿಸಿದೆವು. ಐದು ಅಡಿಗೆ ಏಳು ಅಡಿಯ ಬಾತ್‌ರೂಮಿಗೆ ಒಂದು ಇಂಚು ಎಂದರೆ ಸುಮಾರು 80 ಲೀಟರ್, ಐದು ಬಕೆಟ್ ಆಗುತ್ತದೆ. ಅದಕ್ಕಿಂತ ಹೆಚ್ಚು ನಿಲ್ಲಿಸುವುದು ಬೇಡ, ಬಾಗಿಲ ಹೊಸ್ತಿಲು ದಾಟಿ ನೀರು ಕೋಣೆಗೆ ಹೋಗುತ್ತದೆ. ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಗುರುತು ಹಾಕಿ 24 ಗಂಟೆ ಬಿಟ್ಟೆವು. ಗುರುತಿನಿಂದ ಒಂದೆರಡು ಮಿಲಿಮೀಟರ್ ಇಳಿದಿತ್ತು, ಅದು ಆವಿಯ ಲೆಕ್ಕ. ಕೆಳಗೆ ಒಂದು ಹನಿಯೂ ಇಲ್ಲ. ಎಲ್ಲರೂ ಒಡೆಯಬೇಕು ಎಂದಿದ್ದ ನೆಲ ಒಂದು ದಿನ ಪೂರ್ತಿ ನೀರು ಹೊತ್ತುಕೊಂಡು ನಿಂತಿತ್ತು.

ಕೊನೆಗೆ ಒಡ್ಡು ತೆಗೆದೆವು. ಪ್ಲಾಸ್ಟಿಕ್ ಕವರಿನಲ್ಲಿ ಬಟ್ಟೆಯ ಉಂಡೆ ಕಟ್ಟಿ ಟ್ರ್ಯಾಪಿನ ಗಂಟಲೊಳಗೆ, ಟೈಲ್ಸಿನ ಮಟ್ಟಕ್ಕಿಂತ ಕೆಳಗೆ ಬಿಗಿಯಾಗಿ ತುರುಕಿದೆವು. ಈಗ ನೀರು ಟ್ರ್ಯಾಪಿನ ಬಾಯಿಯ ಸುತ್ತಲೂ ನಿಂತಿತು. ಎರಡು ಗಂಟೆ ಆಗುವುದರೊಳಗೆ ಕೆಳಗಿನ ಮನೆಯಿಂದ ಫೋನ್ ಬಂತು, ಹನಿ ಶುರುವಾಗಿದೆ ಎಂದು. ಜಾಲರಿ ಕೂರುವ ಜಾಗವನ್ನು ಟಾರ್ಚ್ ಹಿಡಿದು ನೋಡಿದರೆ ಟೈಲ್ಸಿನ ಅಂಚಿಗೂ ಟ್ರ್ಯಾಪಿನ ಪಿವಿಸಿ ಬಾಯಿಗೂ ನಡುವೆ ಬೆರಳಿನ ಉಗುರು ಹೋಗುವಷ್ಟು ಸಂದಿ. ಮೊದಲು ತುಂಬಿದ್ದ ಬಿಳಿ ಸಿಮೆಂಟ್ ಪುಡಿಯಾಗಿ ಹೋಗಿತ್ತು. ಪ್ರತಿ ಸ್ನಾನದ ನೀರೂ ಟ್ರ್ಯಾಪಿಗೆ ಬೀಳುವ ಮೊದಲು ಸ್ವಲ್ಪ ಸ್ವಲ್ಪ ಆ ಸಂದಿಯಲ್ಲಿ ಇಳಿಯುತ್ತಿತ್ತು. ಬಣ್ಣದ ನೀರು ಕೆಳಗೆ ಬಣ್ಣವಾಗಿಯೇ ಬರಬೇಕೆಂದೇನೂ ಇಲ್ಲ, ತುಂಬಣದಲ್ಲಿ ಹಾದು ಬರುವಾಗ ತಿಳಿಯಾಗಿಬಿಡಬಹುದು. ಅದಕ್ಕೇ ಬಣ್ಣಕ್ಕಿಂತ ಹೊತ್ತು ಮತ್ತು ಅಳತೆ ಹೆಚ್ಚು ನಂಬಿಕೆಯವು.

ರಿಪೇರಿ ಎಂದರೆ, ಸಡಿಲ ಸಿಮೆಂಟ್ ಕೆರೆದು ತೆಗೆದು, ಫ್ಯಾನ್ ಹಾಕಿ ಮೂರು ದಿನ ಒಣಗಿಸಿ, ಪಾಲಿಮರ್ ಸೇರಿಸಿದ ಗಾರೆಯಿಂದ ಸಂದಿ ತುಂಬಿ, ಮೇಲೆ ಎಪಾಕ್ಸಿ ಗ್ರೌಟ್ ಹಾಕಿದ್ದು. ಅದು ಗಟ್ಟಿಯಾಗಲು ಪ್ಯಾಕೆಟ್ಟಿನ ಮೇಲೆ ಬರೆದಷ್ಟು ದಿನ ಬಿಟ್ಟು, ಮತ್ತೆ 24 ಗಂಟೆ ನೀರು ನಿಲ್ಲಿಸಿ ನೋಡಿದೆವು. ಹನಿ ಬರಲಿಲ್ಲ. ಒಂದು ಟೈಲ್ ಕೂಡ ಒಡೆಯಲಿಲ್ಲ. ಕೆಳಗಿನ ಸೀಲಿಂಗ್ ಒಣಗಲು ಮಾತ್ರ ಇನ್ನೂ ಕೆಲವು ವಾರ ಹಿಡಿಯಿತು, ಒಳಗೆ ನಿಂತಿದ್ದ ನೀರು ಇಳಿದು ಮುಗಿಯಬೇಕಲ್ಲ. ಪೆನ್ಸಿಲ್ ಗೆರೆಗಳು ಒಂದರೊಳಗೊಂದು ಕುಗ್ಗುತ್ತಾ ಬಂದದ್ದರಿಂದ ಯಾರಿಗೂ ಆತಂಕ ಆಗಲಿಲ್ಲ.

ಎಲ್ಲ ಮನೆಯಲ್ಲೂ ಇಷ್ಟರಲ್ಲೇ ಮುಗಿಯುತ್ತದೆ ಎಂದು ನಾನು ಹೇಳುವುದಿಲ್ಲ. ಟೈಲ್ಸಾಗಲಿ ಗ್ರೌಟಾಗಲಿ ನಿಜವಾದ ವಾಟರ್‌ಪ್ರೂಫಿಂಗ್ ಅಲ್ಲ. ಅದು ಟೈಲ್ಸಿನ ಅಡಿಯಲ್ಲಿ ಸ್ಲ್ಯಾಬಿಗೆ ಬಳಿದ ಪದರ. ಆ ಪದರ ಹೋಗಿದ್ದು, ನೆಲದ ತುಂಬ ನೀರು ಇಳಿಯುತ್ತಿದ್ದರೆ ಒಡೆಯಲೇಬೇಕು. ಆದರೆ ಪರೀಕ್ಷೆ ಮಾಡದೆ ಒಡೆಯಲು ಒಪ್ಪಬೇಡಿ. ಒಡೆಯಿಸಿದರೆ ಟೈಲ್ಸ್ ಹಾಕುವ ಮೊದಲೇ ಬರಿಯ ಪದರದ ಮೇಲೆ ನೀರು ನಿಲ್ಲಿಸಿ ತೋರಿಸಲು ಹೇಳಿ. ಟೈಲ್ಸ್ ಹಾಕಿದ ಮೇಲೆ ಮಾಡುವ ಪರೀಕ್ಷೆಯಲ್ಲಿ ತಪ್ಪು ಸಿಕ್ಕಿದರೂ ತಿದ್ದುವುದು ಕಷ್ಟ.

ಬಿಳಿ ಸಿಮೆಂಟ್ ಪುಡಿಯಾದದ್ದೇಕೆ ಎಂದು ಕೇಳಬಹುದು. ನನ್ನ ಅಭಿಪ್ರಾಯದಲ್ಲಿ ನಮ್ಮ ಬಾತ್‌ರೂಮುಗಳ ದೊಡ್ಡ ಶತ್ರು ಆ್ಯಸಿಡ್. ಟೈಲ್ಸ್ ಪಳಪಳ ಹೊಳೆಯಲಿ ಎಂದು ವಾರಕ್ಕೊಮ್ಮೆ ಆ್ಯಸಿಡ್ ಸುರಿದು ಉಜ್ಜುತ್ತೇವೆ. ಟೈಲ್ಸ್ ಹೇಗೋ ತಡೆದುಕೊಳ್ಳಬಹುದು, ಸಿಮೆಂಟ್ ಗ್ರೌಟ್ ಮಾತ್ರ ಪ್ರತಿ ಸಲವೂ ಸ್ವಲ್ಪ ಕರಗುತ್ತದೆ. ಸಂದಿಯನ್ನು ಒಂದು ಕೀಲಿಯ ತುದಿಯಿಂದ ಮೆಲ್ಲನೆ ಕೆರೆದು ನೋಡಿ. ಮರಳಿನ ಹಾಗೆ ಉದುರಿದರೆ ಗ್ರೌಟ್ ಸತ್ತಿದೆ ಎಂದೇ ಅರ್ಥ. ಆ್ಯಸಿಡ್ಡಿನ ಹಬೆ ಬಾತ್‌ರೂಮಿನ ಲೋಹಕ್ಕೂ ಕೆಟ್ಟದ್ದು. ಅದಕ್ಕೆ ಮೊದಲು ಬಲಿಯಾಗುವುದು ಕನೆಕ್ಷನ್ ಪೈಪು.

ಕನೆಕ್ಷನ್ ಪೈಪು ಎಂದರೆ ವಾಷ್ ಬೇಸಿನ್ನಿನ ಅಡಿಯಲ್ಲಿ, ಫ್ಲಶ್ ಟ್ಯಾಂಕಿನ ಪಕ್ಕದಲ್ಲಿ, ಗೀಸರಿನ ಕೆಳಗೆ ಇರುವ, ಹೆಣೆದ ಸ್ಟೀಲ್ ಎಳೆಗಳ ಹೊದಿಕೆಯ ಆ ಬಳುಕುವ ಪೈಪು. ಒಳಗಿರುವುದು ರಬ್ಬರಿನಂಥ ಕೊಳವೆ, ಒತ್ತಡ ತಡೆಯುವುದು ಹೊರಗಿನ ಹೆಣಿಗೆ. ಕೈ ಸವರಿ ನೋಡಿ. ತುದಿಯ ನಟ್ಟಿನ ಹತ್ತಿರ ಕಂದು ಚುಕ್ಕೆ ಕಂಡರೆ, ಒಂದು ಎಳೆ ಮುರಿದು ಕೈಗೆ ಚುಚ್ಚಿದರೆ ಅವತ್ತೇ ಬದಲಿಸಿ. ಹೆಣಿಗೆ ಬಿಟ್ಟ ಪೈಪು ತೊಟ್ಟಿಕ್ಕಿ ಮುನ್ಸೂಚನೆ ಕೊಡುವುದಿಲ್ಲ, ಒಮ್ಮೆಲೇ ಒಡೆಯುತ್ತದೆ. ಮನೆಯವರು ಊರಿಗೆ ಹೋಗಿದ್ದಾಗ ಹಾಗೆ ಆದರೆ ಓವರ್‌ಹೆಡ್ ಟ್ಯಾಂಕಿನ ನೀರೆಲ್ಲ ಮನೆಯೊಳಗೆ. ಹೊಸದನ್ನು ಹಾಕುವಾಗ ಒಂದು ಮಾತು ನೆನಪಿಡಿ. ಅದರ ನಟ್ಟಿನೊಳಗೆ ರಬ್ಬರ್ ವಾಷರ್ ಇರುತ್ತದೆ, ಸೀಲ್ ಮಾಡುವುದು ಅದೇ. ಕೈಯಿಂದ ಬಿಗಿಮಾಡಿ, ಆಮೇಲೆ ಸ್ಪ್ಯಾನರಿನಿಂದ ಕಾಲು ಸುತ್ತು ತಿರುಗಿಸಿದರೆ ಸಾಕು. ಜೋರು ಹಾಕಿದರೆ ವಾಷರ್ ಕತ್ತರಿಸಿಹೋಗುತ್ತದೆ. ಟೆಫ್ಲಾನ್ ಟೇಪ್ ಬೇಕಾಗುವುದು ಗೋಡೆಯೊಳಗೆ ತಿರುಗಿಸಿ ಹಾಕುವ ಆಂಗಲ್ ಕಾಕಿನ ಮರೆಗೆ.

ಆ ಆಂಗಲ್ ಕಾಕನ್ನೂ ಒಮ್ಮೆ ಮುಚ್ಚಿ ತೆರೆಯಿರಿ. ವರ್ಷಗಟ್ಟಲೆ ಮುಟ್ಟದ ಕಾಕು ಜಡವಾಗಿ ಬಿಡುತ್ತದೆ, ಬೇಕಾದ ಹೊತ್ತಿಗೆ ತಿರುಗುವುದಿಲ್ಲ. ಪೂರ್ತಿ ಮುಚ್ಚಿದ ಮೇಲೂ ಬೇಸಿನ್ ನಲ್ಲಿಯಲ್ಲಿ ಸಣ್ಣಗೆ ನೀರು ಬರುತ್ತಿದ್ದರೆ ಅದು ಕೆಟ್ಟಿದೆ. ಜಡವಾದದ್ದನ್ನು ಮಾತ್ರ ಬಲವಂತವಾಗಿ ತಿರುಗಿಸಬೇಡಿ, ಗೋಡೆಯೊಳಗಿನ ಪೈಪೇ ಮುರಿಯಬಹುದು. ಹಾಗೆಯೇ ಹೆಲ್ತ್ ಫಾಸೆಟ್. ಅದರ ಗುಂಡಿ ಬಿಟ್ಟ ಮೇಲೂ ಅದರ ಹೋಸಿನಲ್ಲಿ ಪೂರ್ತಿ ಒತ್ತಡ ನಿಂತಿರುತ್ತದೆ. ಅಷ್ಟು ತೆಳ್ಳಗಿನ ಹೋಸು ಇಡೀ ದಿನ ಒತ್ತಡ ತಡೆಯಲು ಮಾಡಿದ್ದಲ್ಲ. ಬಳಸಿದ ಮೇಲೆ ಅದರ ಕಾಕು ಮುಚ್ಚುವುದನ್ನು ಮನೆಮಂದಿಗೆಲ್ಲ ರೂಢಿ ಮಾಡಿಸಿ.

ಫ್ಲಶ್ ಟ್ಯಾಂಕಿಗೆ ಅಡುಗೆಯ ಕೇಸರಿ ಬಣ್ಣ ಒಂದು ಚಿಟಿಕೆ ಹಾಕಿ, ಇಪ್ಪತ್ತು ನಿಮಿಷ ಯಾರೂ ಫ್ಲಶ್ ಮಾಡದೆ ಇರಿ. ಕಮೋಡಿನ ನೀರಿಗೆ ಬಣ್ಣ ಇಳಿದಿದ್ದರೆ ಟ್ಯಾಂಕಿನ ತಳದ ರಬ್ಬರ್ ಸೀಲ್ ಸವೆದಿದೆ. ಈ ಸೋರಿಕೆಯಿಂದ ಯಾರ ಸೀಲಿಂಗೂ ಹಾಳಾಗುವುದಿಲ್ಲ, ನಿಜ. ಆದರೆ ತುಂಬೆಯ ಅಣೆಕಟ್ಟಿನಲ್ಲಿ ನೀರು ತಳ ಕಂಡು ಪಾಲಿಕೆಯವರು ರೇಷನಿಂಗ್ ಮಾಡುವ ಬೇಸಿಗೆಗಳನ್ನು ನಾವೆಲ್ಲ ಕಂಡಿದ್ದೇವೆ. ಆ ದಿನಗಳಲ್ಲಿ ರಾತ್ರಿಯಿಡೀ ಹೀಗೆ ಹರಿದುಹೋಗುವ ನೀರು ಕಡಿಮೆಯೇನಲ್ಲ.

ಇನ್ನು ಹೊರಗಿನ ಗೋಡೆ. ಇದು ಒಬ್ಬೊಬ್ಬರು ಮಾಡುವ ಕೆಲಸವಲ್ಲ, ಸಂಘದವರೇ ಒಬ್ಬ ಅನುಭವಿ ಪ್ಲಂಬರನ್ನು ಸೇಫ್ಟಿ ಬೆಲ್ಟ್ ಕಟ್ಟಿಸಿ ಇಳಿಸಬೇಕು. ಕಮೋಡಿನ ನಾಲ್ಕು ಇಂಚಿನ ಪೈಪು ಗೋಡೆ ತೂರಿ ಡಕ್ಟಿಗೆ ಹೋಗುವಲ್ಲಿ ಸುತ್ತಲೂ ಸಿಮೆಂಟ್ ಹಚ್ಚಿರುತ್ತಾರೆ. ಬಿಸಿಲಿಗೆ ಪಿವಿಸಿ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಸಿಮೆಂಟ್ ಅದರೊಂದಿಗೆ ಹಿಗ್ಗಿ ಕುಗ್ಗಲಾರದೆ ಬಿರುಕು ಬಿಡುತ್ತದೆ. ಮುಂಗಾರಿನ ಗಾಳಿಮಳೆ ನಮ್ಮಲ್ಲಿ ಪಡುವಣದಿಂದ ಹೊಡೆಯುವುದರಿಂದ ಸಮುದ್ರದ ಕಡೆಗೆ ಮುಖ ಮಾಡಿದ ಬಾತ್‌ರೂಮುಗಳಲ್ಲಿ ಈ ಬಿರುಕಿನಿಂದ ನೀರು ನೇರ ಒಳಗೆ ಬರುತ್ತದೆ. ಅಲ್ಲಿ ಮತ್ತೆ ಸಿಮೆಂಟ್ ಮೆತ್ತಿದರೆ ಮತ್ತೆ ಬಿರುಕು. ಹಿಗ್ಗಿ ಕುಗ್ಗಬಲ್ಲ ಪಾಲಿಯುರೆಥೇನ್ ಸೀಲಂಟನ್ನೇ ತುಂಬಿಸಿ. ವೆಂಟಿಲೇಟರಿನ ಕೆಳಗಿನ ಕಲ್ಲು ಹೊರಗಡೆಗೆ ಇಳಿಜಾರಾಗಿ ಇದೆಯೇ ಎಂದು ಒಂದು ಮಗ್ ನೀರು ಹೊಯ್ದು ನೋಡಿ. ನೀರು ಒಳಗೆ ಹರಿದು ಬಂದರೆ ಮಳೆಯೂ ಅದೇ ದಾರಿಯಲ್ಲಿ ಬರುತ್ತದೆ.

ನಿಮ್ಮಲ್ಲಿ ನನ್ನ ಕೇಳಿಕೆ ಇಷ್ಟೇ. ಬರುವ ಭಾನುವಾರ ಬೆಳಿಗ್ಗೆ ಮೇಲಿನ ಮನೆಯವರು ಮತ್ತು ಕೆಳಗಿನ ಮನೆಯವರು ಒಟ್ಟಿಗೆ ಎರಡೂ ಬಾತ್‌ರೂಮುಗಳನ್ನು ನೋಡಿ. ಕೆಳಗಿನವರು ಸೀಲಿಂಗಿಗೆ ಪೆನ್ಸಿಲ್ ಗೆರೆ ಎಳೆಯಲಿ, ಮೇಲಿನವರು ಟ್ರ್ಯಾಪಿನ ಜಾಲರಿ ತೆಗೆದು ಟಾರ್ಚ್ ಹಿಡಿಯಲಿ. ನಿಮ್ಮ ಮನೆಯ ಮುಖ್ಯ ವಾಲ್ವ್ ಎಲ್ಲಿದೆ, ಅದು ಪೂರ್ತಿ ಮುಚ್ಚುತ್ತದೆಯೇ ಎನ್ನುವುದನ್ನೂ ಅವತ್ತೇ ನೋಡಿಕೊಳ್ಳಿ. ಎರಡು ದಿನಕ್ಕಿಂತ ಹೆಚ್ಚು ಊರಿಗೆ ಹೋಗುವಾಗ ಅದನ್ನು ಮುಚ್ಚಿಯೇ ಹೊರಡಿ, ಬೀಗದ ಕೈ ಕೊಡುವಾಗ ಪಕ್ಕದ ಮನೆಯವರಿಗೂ ಆ ವಾಲ್ವ್ ತೋರಿಸಿ ಹೋಗಿ.